ವೆಬ್ ಮತ್ತು ಸೈಟ್ ನಡುವಿನ ಜಾಗ

ಸಹಕಾರನಗರದ ನನ್ನ ಬಾಡಿಗೆ ಮನೆಯಲ್ಲಿ ಕೂತು ಹೆಬ್ಬಾಳದ ಒಂದು ಕಂಪನಿಗೆ ರೌಟರ್‌ಗಳ ಇಂಗ್ಲಿಷ್ ಕೈಪಿಡಿ ತಿದ್ದಿಕೊಡುತ್ತೇನೆ. ಯಾವ ಪದವನ್ನು ಹೇಗೆ ಬರೆಯಬೇಕೆಂಬ ಕಂಪನಿಯ ಪಟ್ಟಿಗೂ ನಾನೇ ಅಧಿಪತಿ. ಜಗತ್ತೆಲ್ಲ ‘ವೆಬ್‌ಸೈಟ್’ ಎಂದು ಸೇರಿಸಿ ಬರೆಯತೊಡಗಿದ ಮೇಲೂ ನನ್ನ ರಾಜ್ಯದಲ್ಲಿ ‘ವೆಬ್ ಸೈಟ್’ ಎರಡು ಪದವಾಗಿಯೇ ಉಳಿದಿತ್ತು.

ಇದನ್ನು ವಿರೋಧಿಸಿದವರು ಒಬ್ಬರೇ: ಕೊನೆಯ ಕರಡು ನೋಡುತ್ತಿದ್ದ ಧಾರವಾಡದ ಮೇಡಂ. ಯಶವಂತಪುರದ ರೈಲು ನಿಲ್ದಾಣದ ಪಕ್ಕ ಅವರ ಮನೆ. ಮುಖ ನೋಡಿದವನಲ್ಲ. ಅಂಚಿನಲ್ಲಿ ಟಿಪ್ಪಣಿ ಬರೆದು, ಸಾಲದೆಂಬಂತೆ ಫೋನನ್ನೂ ಮಾಡುತ್ತಿದ್ದರು.

“ಸರ, ಈ ಗಂಡ ಹೆಂಡ್ತೀನ್ನ ಇನ್ನೂ ಎಷ್ಟ್ ದಿನ ಬ್ಯಾರೆ ಇಡ್ತೀರಿ? ಒಂದ್ ಮಾಡ್ರಿ ಅತ್ಲಾಗ.”

“ಅದು ನನ್ನ ಜೀವ ಇರೋವರ್ಗೂ ಆಗಲ್ಲ ಕಣ್ರೀ.”

ವಾರಕ್ಕೊಮ್ಮೆಯಾದರೂ ಈ ಯುದ್ಧ ನಡೆಯುತ್ತಿತ್ತು. ಮಿಕ್ಕ ದಿನ ನನ್ನೊಡನೆ ಮಾತಾಡುತ್ತಿದ್ದುದು ಕುಕ್ಕರಿನ ಸೀಟಿ.

ಒಂದು ದಿನ ಔದಾರ್ಯ ಉಕ್ಕಿ ಶರಣಾದೆ. ವೆಬ್‌ಸೈಟನ್ನು ಸೇರಿಸಿದೆ, ಇ-ಮೇಲಿನ ಗೀಟು ಅಳಿಸಿದೆ. ಮೇಡಂ ಫೋನಿನಲ್ಲಿ ನಕ್ಕು, “ಬುದ್ಧಿ ಬಂತು ನೋಡ್ರಿ” ಎಂದರು. ಅದಾದ ಮೇಲೆ ಕಡತಗಳು ಟಿಪ್ಪಣಿಯಿಲ್ಲದೆ ಬರತೊಡಗಿದವು. ಫೋನೂ ನಿಂತಿತು. ಗೆದ್ದವರಿಗೆ ಯುದ್ಧ ಬೇಕಿಲ್ಲವೇನೋ ಎಂದುಕೊಂಡೆ.

ಎರಡು ತಿಂಗಳು ಕಾದು, ನನ್ನ ವೃತ್ತಿಯಲ್ಲಿ ಮಹಾಪಾತಕವೆನಿಸುವ ಕೆಲಸ ಮಾಡಿದೆ. ನಾಮಪದವಾದರೆ ‘ಸೆಟಪ್’ ಒಂದು ಪದ. ಕ್ರಿಯಾಪದವಾದರೆ ‘ಸೆಟ್ ಅಪ್’ ಎರಡು. ‘ರೌಟರನ್ನು ಸೆಟ್ ಅಪ್ ಮಾಡಿ’ ಎನ್ನುವ ಮೂರು ಕಡೆ ಬೇಕೆಂದೇ ಸೇರಿಸಿ ಬರೆದು ಕಳಿಸಿದೆ. ಮೇಡಂ ಇದನ್ನು ಸಹಿಸುವವರಲ್ಲ.

ಮಾರನೆಯ ದಿನ ಕಡತ ಬಂತು. ಮೂರನ್ನೂ ತಿದ್ದಲಾಗಿತ್ತು. ಒಂದು ಮಾತಿಲ್ಲ. ತಿದ್ದಿದವರ ಹೆಸರಿರುವ ಜಾಗದಲ್ಲಿ ‘ಆಟೋ ಚೆಕ್’ ಎಂದಿತ್ತು.

ಆಫೀಸಿಗೆ ಫೋನ್ ಮಾಡಿ ಮೇಡಂ ಬಗ್ಗೆ ಕೇಳಿದೆ. “ಅವ್ರಿಗೆ ಈಗ ಕಳ್ಸಲ್ಲ ಸಾರ್. ಎರಡು ತಿಂಗ್ಳಾಯ್ತು, ಸಾಫ್ಟ್‌ವೇರೇ ನೋಡ್ಕೊಳ್ಳುತ್ತೆ. ಯಾಕ್ ಸಾರ್, ಏನಾದ್ರೂ ತಪ್ಪಾಗಿದ್ಯಾ?”

“ಇಲ್ಲಪ್ಪಾ, ಸರಿಯಾಗಿದೆ.”

ನಾನೇ ಮೇಡಂಗೆ ಫೋನ್ ಮಾಡಬಹುದಿತ್ತು. ಆದರೆ ಕಾರಣ? ಒಂದು ವಾರ ಹುಡುಕಿದ ಮೇಲೆ ಸಿಕ್ಕಿತು.

“ಮೇಡಂ, ವೈ-ಫೈ ಮಧ್ಯದ ಗೀಟು ತೆಗೆದುಬಿಡ್ಲಾ?”

ಅವರ ಹಿಂದೆ ರೈಲಿನ ಪ್ರಕಟಣೆ ಕೇಳುತ್ತಿತ್ತು. “ಬ್ಯಾಡ್ರೀ ಸರ. ಅದರ ಹೆಸರ ಹಂಗ ಐತಿ, ಇರ್ಲಿ. ಇದನ್ನ ಕೇಳಾಕ ಫೋನ್ ಮಾಡಿದ್ರೇನು?”

“ಹೌದು.”

“ಮತ್ತೇನ್ರೀ?”

ಎದುರಿಗಿದ್ದ ಪಟ್ಟಿಯ ಮೇಲೆ ಕಣ್ಣಾಡಿಸಿದೆ. ಲಾಗಿನ್, ಬ್ಯಾಕಪ್, ಡೌನ್‌ಲೋಡ್ ಎಲ್ಲವೂ ತೀರ್ಮಾನವಾಗಿದ್ದವು.

“ಇಷ್ಟೇ ಕಣ್ರೀ,” ಎಂದೆ.