ನಾರ್ವೆಯ ಕೈಗವಸಿಗೆ ಏನೆನ್ನಬೇಕು?

ಎಪ್ಪತ್ತರ ದಶಕದ ಬೊಂಬಾಯಿಯ ಮುಲುಂಡಿನ ಬೆಳಗುಗಳು ನನಗೆ ಈಗಲೂ ಕುಚ್ಚಲಕ್ಕಿ ಗಂಜಿಯ ಆವಿಯ ಹಿಂದಿನಿಂದಲೇ ಕಾಣುತ್ತವೆ. ಎಲ್ಲವೂ ಮಸುಕು, ಎಲ್ಲವೂ ನಿಧಾನ.

ಹಡಗಿನಲ್ಲಿ ಕೆಲಸಕ್ಕಿದ್ದ ಅಣ್ಣ ನಾರ್ವೆಯ ಹುಡುಗಿಯನ್ನು ಮದುವೆಯಾಗಿ ಅಲ್ಲೇ ನೆಲೆಸಿದ್ದ. ಅಮ್ಮ ಆ ಸುದ್ದಿ ಕೇಳಿ ಒಲೆಯ ಕಡೆ ತಿರುಗಿದ್ದರು. ಒಂದು ದಿನ ಅತ್ತಿಗೆ ತಾನೇ ಹೆಣೆದ ಉಣ್ಣೆಯ ಕೈಗವಸು ಕಳಿಸಿದಳು. ಅವರ ಕಡೆ ಸೊಸೆಯಾದವಳು ಅತ್ತೆಗೆ ಹೀಗೆ ಹೆಣೆದು ಕೊಡುವುದಿತ್ತಂತೆ. ಬೊಂಬಾಯಿಯ ಸೆಕೆಗೆ ಉಣ್ಣೆ! ನನಗೆ ನಗು ತಡೆಯಲಾಗಲಿಲ್ಲ.

ಫೋರ್ಟ್ ಪೇಟೆಯ ಫುಟ್‌ಪಾತಿನಲ್ಲಿ ಸಿಕ್ಕಿದ ನಾರ್ವೇಜಿಯನ್ ಕಲಿಸುವ ಹಳೆಯ ಪುಸ್ತಕ ನೋಡಿ ಅಮ್ಮನ ಹೆಸರಿನಲ್ಲಿ ನಾನೇ ಬರೆದು ಹಾಕಿದೆ: 'ಯರ್ಟೆಲಿ ತಕ್ ಫೋರ್ ಗಾವೆನ್'. ಉಡುಗೊರೆಗೆ ಹೃತ್ಪೂರ್ವಕ ಧನ್ಯವಾದ. ಅಣ್ಣ ಉತ್ತರಿಸಿದ: "ಅಂಗಡಿಯ ಕಾರ್ಡಿನಲ್ಲಿ ಅಚ್ಚು ಹಾಕುವ ಮಾತು ಅದು. ಅಮ್ಮನಿಗೆ ನಾನು ಬೇಡವಾ ಅಂತ ಇವಳು ಕೇಳ್ತಾಳೆ. ಏನು ಹೇಳಲಿ?"

ಥ್ಯಾಂಕ್ಸನ್ನು ಇನ್ನು ಹೇಗೆ ಬರೆಯುವುದು? ಅಮ್ಮನನ್ನು ಕೇಳಿದರೆ, "ಮನೆಯವರಿಗೆ ಎಂತ ಥ್ಯಾಂಕ್ಸ್ ಮಾರಾಯ್ತಿ? ಅದೆಲ್ಲ ಹೊರಗಿನವರಿಗೆ" ಎಂದರು. ಹಾಗೆನ್ನುತ್ತಲೇ ಗಂಜಿಯ ಪಾತ್ರೆಯನ್ನು ಒಲೆಯಿಂದ ಇಳಿಸಿದರು. ಎರಡೂ ಕೈಯಲ್ಲಿ ಅದೇ ಗವಸು! ಅದರ ಮೇಲೆ ಹೆಣೆದಿದ್ದ ಬಿಳಿ ನಕ್ಷತ್ರಗಳಿಗೆಲ್ಲ ಮಸಿ ಹಿಡಿದಿತ್ತು.

ನಾನು ಟೈಪಿಸ್ಟಾಗಿದ್ದ ಹಡಗು ಏಜೆಂಟರ ಆಫೀಸಿಗೆ ನಾರ್ವೆಯ ವಯಸ್ಸಾದ ಕ್ಯಾಪ್ಟನ್ ಒಬ್ಬ ಬರುತ್ತಿದ್ದ. ಕಾಗದಗಳಿಗೆ ಸಹಿ ಹಾಕಲು ಕಾದು ಕೂತವನ ಹತ್ತಿರ, ಗವಸಿನ ಗತಿಯನ್ನು ಮಾತ್ರ ಮುಚ್ಚಿಟ್ಟು, ಅಮ್ಮನ ಹೆಸರಿನಲ್ಲಿ ಅತ್ತಿಗೆಗೆ ಬರೆಯಲು ಧನ್ಯವಾದದ ಚಂದದ ಮಾತೊಂದನ್ನು ಕೇಳಿದೆ.

"ಧನ್ಯವಾದ ನಾವು ದಿನಕ್ಕೆ ಹತ್ತು ಸಲ ಹೇಳ್ತೇವೆ. ಊಟಕ್ಕೂ ಹೇಳ್ತೇವೆ, ಮೊನ್ನೆ ಭೇಟಿಯಾದದ್ದಕ್ಕೂ ಹೇಳ್ತೇವೆ" ಎಂದ ಅವನು. "ಚಂದದ ಮಾತು ಬೇಡ. ನಿನ್ನ ತಾಯಿ ಆ ಗವಸನ್ನು ಏನು ಮಾಡ್ತಾರೆ, ಅದನ್ನು ಹೇಳು."

ನಾಚಿಕೊಂಡೇ ಹೇಳಿದೆ. ಅವನು ಗಹಗಹಿಸಿ ನಕ್ಕ. ಆಮೇಲೆ ಸಹಿ ಹಾಕುವ ಪೆನ್ನನ್ನು ನನ್ನ ಕಡೆ ಚಾಚಿ, "ಅದನ್ನೇ ಬರೆ" ಎಂದ.

ಸಂಜೆ ಲೋಕಲ್ ರೈಲಿನಲ್ಲಿ ಘಾಟ್ಕೋಪರ್, ಭಾಂಡುಪ್ ಸ್ಟೇಷನ್ನುಗಳು ಯಾವಾಗ ಹೋದವೋ ತಿಳಿಯಲಿಲ್ಲ. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವರು ಕೈಗವಸನ್ನು ಮಡಿಲಲ್ಲಿಟ್ಟು, ಅದರ ಹೆಬ್ಬೆರಳನ್ನು ಸವರುತ್ತ, "ಹಾಗಾದ್ರೆ ಅವಳಿಗೆ ಬರೆ. ಬೆಳಿಗ್ಗೆ ನಿನ್ನ ಗವಸು ಹಾಕಿಯೇ ಗಂಜಿ ಇಳಿಸುದು. ಆಗ ನಿನ್ನ ಕೈ ಹಿಡಿದ ಹಾಗೆ ಆಗ್ತದೆ" ಎಂದರು. ಹೀಗೆಲ್ಲ ಮಾತಾಡುವವರಲ್ಲ ನಮ್ಮಮ್ಮ. ಮರೆಯುವ ಮೊದಲೇ ಬರೆದುಕೊಂಡೆ.

ಮರುದಿನ ಕ್ಯಾಪ್ಟನ್ ಅದನ್ನು ನಾರ್ವೇಜಿಯನ್ನಿನಲ್ಲಿ ಹೇಳಿಕೊಟ್ಟ. 'ದಾ ಹೊಲ್ಲೆರ್ ಯೈ ದೈ ಇ ಹೊನ್ನೆನ್.' ಆಗ ನಿನ್ನ ಕೈ ಹಿಡಿಯುತ್ತೇನೆ. ನಾನು ಕಳಿಸಿದ ಕಾಗದದಲ್ಲಿ 'ತಕ್', ಅಂದರೆ ಧನ್ಯವಾದ ಎಂಬ ಪದ ಎಲ್ಲೂ ಇರಲಿಲ್ಲ.

ಮಳೆಗಾಲ ಹಿಡಿದ ಮೇಲೆ ಇನ್ನೊಂದು ಪಾರ್ಸೆಲ್ ಬಂತು. ಅಂಗೈಗೆ ಎರಡು ಪದರ ಹಾಕಿ ಹೆಣೆದ, ಮಸಿ ಕಾಣದ ಕಪ್ಪು ಬಣ್ಣದ ಜೋಡಿ. ಅಮ್ಮ ಕೈ ತೂರಿಸಿ ನೋಡಿದರು. ಸರಿಯಾಗಿ ಕೂತಿತು.

"ಇಲ್ಲಿಗೆ ಬರ್ಲಿಕ್ಕೆ ಹೇಳು ಅವಳಿಗೆ" ಎಂದರು. "ಗಂಜಿ ನಾನೇ ಬಡಿಸ್ತೇನೆ."