ಕೆನೆ ತೆಗೆದ ಹಾಲು

ಬನಾರಸ್ಸಿನ ನಮ್ಮ ನವಜಾತ ಶಿಶು ಘಟಕದಲ್ಲಿ ನನಗೆ ಸಿಡುಕಿ ಎಂಬ ಹೆಸರಿದೆ. ಇರಲಿ. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ತೂಕ ಏರದಿದ್ದರೆ ನನ್ನ ತಲೆ ಕೆಡುತ್ತದೆ.

ಆ ಕೂಸು ಹನುಮಾನ್ ಘಾಟಿನ ಕನ್ನಡ ಪುರೋಹಿತರ ಮನೆಯದು, ಹುಟ್ಟಿದಾಗ ಒಂದು ಕಿಲೋ ಮುನ್ನೂರು ಗ್ರಾಂ. ಬಾಯಿಗೆ ಹಾಕಿದ ನಳಿಕೆಯಲ್ಲಿ ತಾಯಿಹಾಲನ್ನು ಹನಿಹನಿಯಾಗಿ ಶುರು ಮಾಡಿ, ಹೊಟ್ಟೆ ಉಬ್ಬುತ್ತಿಲ್ಲ, ವಾಂತಿಯಿಲ್ಲ ಎಂದು ನೋಡಿಕೊಂಡು ದಿನವೂ ಸ್ವಲ್ಪ ಸ್ವಲ್ಪ ಏರಿಸಿದೆವು. ತೂಕದ ಪ್ರತಿ ಕಿಲೋಗೆ ದಿನಕ್ಕೆ ನೂರು ಎಂಎಲ್ ದಾಟಿದ ಮೇಲೆ ಹಾಲಿಗೆ ಪೋಷಕ ಪುಡಿ ಬೆರೆಸಿದೆವು. ಇಂಥ ಕೂಸುಗಳಿಗೆ ಬರೀ ತಾಯಿಹಾಲಿನ ಪ್ರೋಟೀನು, ಕ್ಯಾಲ್ಸಿಯಂ ಸಾಲುವುದಿಲ್ಲ. ಹಾಲು ಪೂರ್ತಿ ಪ್ರಮಾಣಕ್ಕೆ ಬಂದ ಮೇಲೆ ಕಿಲೋಗೆ ದಿನಕ್ಕೆ ಹದಿನೈದು ಇಪ್ಪತ್ತು ಗ್ರಾಂ ತೂಕ ಏರಬೇಕು. ಏರಿದ್ದು ಅದರ ಅರ್ಧವೂ ಇಲ್ಲ. ತಲೆಯ ಸುತ್ತಳತೆಯೂ ಆ ವಾರ ಅಲ್ಲೇ ನಿಂತಿತ್ತು.

ಸೋಂಕಿಲ್ಲ, ಮೈ ಬೆಚ್ಚಗಿದೆ, ಪುಡಿಯ ಅಳತೆಯೂ ಸರಿ. "ಹೀಗೇ ಆದರೆ ಕೆಲವು ಹೊತ್ತು ಡಬ್ಬಿ ಹಾಲು ಕೊಡಬೇಕಾಗುತ್ತೆ" ಎಂದೆ. ತಾಯಿ ಗಳಗಳನೆ ಅತ್ತಳು. "ನನ್ನ ಹಾಲೇ ಸರಿಯಿಲ್ವಾ, ಡಾಕ್ಟ್ರೇ?"

ಅವಳು ಮಧ್ಯಾಹ್ನ ಮಾತ್ರ ಬಂದು ಕೂಸನ್ನು ಎದೆಗಪ್ಪಿಕೊಂಡು ಕೂರುತ್ತಿದ್ದಳು. ಹೆಚ್ಚಿನ ಹಾಲು ಮನೆಯಲ್ಲೇ ಹಿಂಡಿ ಫ್ರಿಜ್ಜಿನಲ್ಲಿಟ್ಟದ್ದು. ಅದನ್ನು ಬೆಳಿಗ್ಗೆ ಐಸ್ ಡಬ್ಬಿಯಲ್ಲಿ ತರುತ್ತಿದ್ದವರು ಅವಳ ಅತ್ತೆ. ಸೊಸೆಯ ಅಳು ನೋಡಲಾರದೆ ಅವರೇ ಬಾಯಿಬಿಟ್ಟರು:

"ಅವಳ ಹಾಲಿಗೇನು, ಎಷ್ಟು ಕೆನೆ ಕಟ್ಟುತ್ತೆ ಗೊತ್ತಾ! ಕೂಸಿಗೆ ಅರಗಲ್ಲ ಅಂತ ದಿನಾ ಚಮಚದಲ್ಲಿ ತೆಗೆದುಬಿಟ್ಟೇ ತರೋದು."

ಅಯ್ಯೋ ದೇವರೇ! ಹಸುವಿನ ಹಾಲು ತಿಳಿ ಮಾಡಿ ಮಕ್ಕಳಿಗೆ ಕುಡಿಸಿದ ಕೈ ಅದು. ನನಗೆ ಮೈಯೆಲ್ಲ ಉರಿಯಿತು.

"ಅಲ್ಲಮ್ಮಾ, ಇಡೀ ಬನಾರಸ್ಸು ಮಲಾಯಿಗೆ ಬಾಯಿ ಬಿಡುತ್ತೆ, ನೀವು ಮೊಮ್ಮಗಳ ಪಾಲಿನ ಮಲಾಯಿ ಎಸೆದಿರಾ? ತೂಕ ಏರೋ ಶಕ್ತಿ ಅರ್ಧ ಅದರಲ್ಲೇ ಇರೋದು! ನಮ್ಮ ಪುಡಿ ಅದನ್ನೆಲ್ಲ ತುಂಬಿಕೊಡಲ್ಲ."

ಆಕೆಯ ಮುಖ ಸಣ್ಣಗಾಯಿತು. "ನಾನೇ ಕೂಸನ್ನ ಉಪವಾಸ ಕೆಡವಿದೆನಾ?" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸೊಸೆ ಮುಖ ಆಚೆ ತಿರುಗಿಸಿದಳು. ನನ್ನ ಸಿಟ್ಟು ಜರ್ರನೆ ಇಳಿಯಿತು. ಪಕ್ಕದಲ್ಲಿ ಕೂತು, ತೇಲಿದ ಕೆನೆ ಬೆರೆಯುವಂತೆ ಬಾಟಲಿಯನ್ನು ಮೆಲ್ಲಗೆ ತಿರುಗಿಸುವುದನ್ನು ತೋರಿಸಿಕೊಟ್ಟೆ.

ಡಬ್ಬಿ ಹಾಲಿನ ಮಾತನ್ನು ಒಂದು ವಾರ ತಡೆಹಿಡಿದೆ. ಹಾಲಿನ ಪ್ರಮಾಣವನ್ನಾಗಲಿ ಪುಡಿಯನ್ನಾಗಲಿ ಬದಲಿಸಲಿಲ್ಲ. ತೂಕದ ಏರಿಕೆ ನಮ್ಮ ಗುರಿ ಮುಟ್ಟಿತು, ತಲೆಯ ಅಳತೆಯೂ ಒಂದು ಸೆಂಟಿಮೀಟರ್ ಏರಿತು. ಸಿಡುಕಿ ಹಲ್ಲುಬಿಟ್ಟು ನಗುವುದನ್ನು ನರ್ಸುಗಳು ಅಂದು ನೋಡಿದರು.

ಆದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. "ನಾಳೆಯಿಂದ ಹಾಲು ಮಗನ ಕೈಲಿ ಕಳಿಸ್ತೀನಿ. ನನ್ನ ಕೈ ಬೇಡ" ಎಂದರು.

ಸೊಸೆ ಎದೆಯ ಮೇಲಿನ ಕೂಸನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಖಾಲಿ ಐಸ್ ಡಬ್ಬಿಯನ್ನು ಅವರತ್ತ ನೂಕಿದಳು.

"ನೀವೇ ತನ್ನಿ ಅತ್ತೆ. ಅವರು ಬೈಕಿನಲ್ಲಿ ಚೆಲ್ಲಿಬಿಡ್ತಾರೆ."