ಚುಕ್ಕಿಯಿಲ್ಲದ ಅಕ್ಷರ

ಮದರಾಸಿನ ಹಳೆಯ ಪುಸ್ತಕದ ಅಂಗಡಿಯಲ್ಲಿ ಆ ಟರ್ಕಿ ಬಾಲಬೋಧೆ ಕಣ್ಣಿಗೆ ಬಿದ್ದಾಗ ನನಗೆ ಮೊದಲು ನೆನಪಾದದ್ದು ಮೇಷ್ಟ್ರು. ಹಾಗೆಂದು ಈಗ ಅನ್ನಿಸುತ್ತದೆ. ಆಗ ನಿಜವಾಗಿ ನೆನಪಾಯಿತೋ, ಆಮೇಲೆ ನಡೆದದ್ದರಿಂದ ಹಾಗೆ ಜೋಡಿಸಿಕೊಂಡಿದ್ದೇನೋ ಹೇಳಲಾರೆ. ಐವತ್ತರ ದಶಕದ ಮೊದಲ ವರ್ಷಗಳು. ನಾನು ಅಲ್ಲೇ ಭಾಷಾಶಾಸ್ತ್ರ ಓದುತ್ತಿದ್ದೆ.

ಮೇಷ್ಟ್ರು ಕಾಲೇಜಿನಲ್ಲಿ ನನಗೆ ಪಾರಸಿ ಕಲಿಸಿ ನಿವೃತ್ತರಾದವರು. ಚಾಮರಾಜಪೇಟೆಯ ಮನೆಯಲ್ಲಿ ಕೂತು ಕನ್ನಡದಲ್ಲಿ ಟರ್ಕಿ ಭಾಷೆಯ ವ್ಯಾಕರಣ ಬರೆಯುತ್ತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ದೃಷ್ಟಿ ಪೂರ್ತಿ ಹೋಗುವ ಮೊದಲು ಪುಸ್ತಕ ಅಚ್ಚಾಗಬೇಕು ಎಂಬುದೊಂದೇ ಅವರ ಆತುರ. ಪಕ್ಕದ ಬೀದಿಯ ಮುದ್ರಣಾಲಯದಲ್ಲಿ ಮೊದಲ ಪುಟಗಳಿಗೆ ಅಚ್ಚುಮೊಳೆ ಜೋಡಿಸುವ ಕೆಲಸ ಶುರುವಾಗಿತ್ತು.

ಅವರು ಕಲಿತದ್ದು ಅರಬ್ಬಿ ಲಿಪಿಯ ಒಂದು ಹಳೆಯ ವ್ಯಾಕರಣದಿಂದ. ಉಚ್ಚಾರಣೆ ಹೇಳುವ ಮೊದಲ ಪುಟಗಳು ಅದರಲ್ಲಿ ಕಳಚಿಹೋಗಿದ್ದವು. ಟರ್ಕಿಯವನೊಬ್ಬ ಮಾತಾಡುವುದನ್ನು ಅವರು ಜನ್ಮದಲ್ಲಿ ಕೇಳಿರಲಿಲ್ಲ. ಪಾಠಕ್ಕೆಂದು ರಟ್ಟಿನ ಚೂರುಗಳ ಮೇಲೆ ಪ್ರತ್ಯಯಗಳನ್ನು ಅದೇ ಲಿಪಿಯಲ್ಲಿ ಬರೆದು ದಾರಕ್ಕೆ ಪೋಣಿಸುತ್ತಿದ್ದರು. ಮೊದಲು ಮನೆ ಎಂಬ ಮಾತು, ‘ಎವ್’. ಆಮೇಲೆ ಬಹುವಚನ, ಆಮೇಲೆ ‘ನಮ್ಮ’, ಕೊನೆಗೆ ‘ಇಂದ’. ನಾಲ್ಕು ಚೂರು ಸೇರಿ ಒಂದೇ ಪದ, ನಮ್ಮ ಮನೆಗಳಿಂದ.

“ನೋಡಯ್ಯಾ, ಗಾಂಧಿ ಬಜಾರಿನ ಹೂವಾಡಗಿತ್ತಿ ಕಟ್ಟೋ ಹಾಗೆ. ನಮ್ಮ ಕನ್ನಡದ ನೆಂಟರೇ ಇವರು,” ಎನ್ನುತ್ತಿದ್ದರು.

ರಜೆಗೆ ಊರಿಗೆ ಬಂದು ಪುಸ್ತಕ ಕೊಟ್ಟಾಗ ಮೇಷ್ಟ್ರು ಮಗುವಿನಂತೆ ಹಿಗ್ಗಿದರು. ಟರ್ಕಿಯವರು ಹಳೆಯ ಲಿಪಿ ಬಿಟ್ಟು ಇಂಗ್ಲಿಷಿನಂಥ ಅಕ್ಷರ ಹಿಡಿದಿರುವುದು ಅವರಿಗೆ ಗೊತ್ತಿತ್ತು, ಅಚ್ಚಾದದ್ದನ್ನು ಕಂಡಿರಲಿಲ್ಲ. ಭೂತಗನ್ನಡಿ ಹಿಡಿದು ಓದತೊಡಗಿದರು. ಸ್ವಲ್ಪ ಹೊತ್ತಿಗೆ ಪೆನ್ಸಿಲ್ ಕೇಳಿದರು.

“ಎಂಥಾ ಅಚ್ಚಪ್ಪಾ ಇದು! ‘ಐ’ ಮೇಲೆ ಅರ್ಧಕ್ಕರ್ಧ ಚುಕ್ಕಿಯೇ ಇಲ್ಲ.”

ತಾವೇ ಚುಕ್ಕಿ ಇಡುತ್ತ ಹೋದರು. ಆಮೇಲೆ ಪೆನ್ಸಿಲ್ ನಿಂತಿತು. ಪುಟ ಹಿಂದಕ್ಕೆ ತಿರುಗಿಸಿದರು.

“ಚುಕ್ಕಿ ಇಲ್ಲದ್ದೆಲ್ಲ ‘ಅ’ ಇರೋ ಕಡೇನೇ ಬರ್ತಿದೆ. ‘ಎ’ ಇರೋ ಕಡೆ ಚುಕ್ಕಿ ಇದೆ. ಇದು ತಪ್ಪಲ್ಲ ಕಣೋ, ಬೇರೆ ಸ್ವರ.”

ನಮ್ಮಲ್ಲಿ ಅಕ್ಷರವೇ ಇಲ್ಲದ ಸ್ವರ ಅದು. ನಾನು ತರಗತಿಯಲ್ಲಿ ಕೇಳಿದ್ದನ್ನು ಹೇಳಿದೆ. ಆ ಭಾಷೆಯಲ್ಲಿ ಪದದ ಕೊನೆಯ ಸ್ವರ ಯಾವ ಗುಂಪಿನದೋ ಪ್ರತ್ಯಯದ ಸ್ವರವೂ ಅದೇ ಗುಂಪಿಗೆ ಹೊರಳುತ್ತದೆ. ನಾಲಗೆಯ ಮುಂಭಾಗದ್ದಾದರೆ ಮುಂದಿನದು, ಹಿಂಭಾಗದ್ದಾದರೆ ಹಿಂದಿನದು. ಕುದುರೆ ‘ಅತ್’, ಆದ್ದರಿಂದ ಕುದುರೆಗಳಿಂದ ‘ಅತ್‌ಲರ್‌ದನ್’. ಮನೆಗಳಿಂದ ಮಾತ್ರ ‘ಎವ್‌ಲೆರ್‌ದೆನ್’. ಹಳೆಯ ಲಿಪಿಯಲ್ಲಿ ಲರ್, ಲೆರ್ ಎರಡಕ್ಕೂ ಒಂದೇ ಬರಹ. ನಡುವಿನ ಸ್ವರ ಬರೆಯುತ್ತಿರಲಿಲ್ಲ.

ಮೇಷ್ಟ್ರು ಗೋಡೆಯ ಮೊಳೆಗೆ ತೂಗಿಹಾಕಿದ್ದ ದಾರ ತೆಗೆದು ಚೂರುಗಳನ್ನು ಬೆರಳಲ್ಲಿ ಸವರಿದರು.

“ಇವು ಸರಿಯಾಗೇ ಇವೆ. ನನ್ನ ಬಾಯಿ ಸುಳ್ಳು.”

ಹಸ್ತಪ್ರತಿ ಕನ್ನಡ ಲಿಪಿಯಲ್ಲಿತ್ತು. ಕನ್ನಡದಲ್ಲಿ ಸ್ವರ ಬಿಟ್ಟು ಬರೆಯುವಂತಿಲ್ಲ. ಪ್ರತಿ ಪುಟದಲ್ಲೂ ಲರ್, ದನ್ ಎಂದೇ ಇತ್ತು. ಮರಗಳು, ಮನೆಗಳು, ಎಲ್ಲಕ್ಕೂ ಒಂದೇ ‘ಗಳು’ ಹಚ್ಚುವ ನಮಗೆ ಅದರಲ್ಲಿ ಅನುಮಾನ ಬರುವುದಾದರೂ ಹೇಗೆ?

ಕಾಫಿ ತಂದ ಅಮ್ಮಾವರು ಗಂಡನ ಮುಖ ನೋಡಿ ವಿಷಯ ಕೇಳಿಕೊಂಡರು. “ಇರಲಿ ಬಿಡಿ ಅಂದ್ರೆ. ಚಾಮರಾಜಪೇಟೇಲಿ ಯಾವ ತುರ್ಕಿಯೋನು ಬಂದು ತಪ್ಪು ಹಿಡೀತಾನೆ?”

“ನಾನು ಹಿಡ್ದಿದೀನಲ್ಲೇ.”

ಮುದ್ರಣಾಲಯಕ್ಕೆ ಹೇಳಿಕಳಿಸಿ ಕೆಲಸ ನಿಲ್ಲಿಸಿದರು. ರಜೆ ಮುಗಿಯುವವರೆಗೆ ನಾನು ದಿನವೂ ಹೋಗಿ ಕೂತೆ. ನಾನು ಹಸ್ತಪ್ರತಿಯ ಪದ ಓದುವುದು, ಅವರು ಪ್ರತ್ಯಯ ಸೇರಿಸಿ ಹೇಳುವುದು, ನಾನು ತಿದ್ದಿ ಬರೆಯುವುದು. ತಿದ್ದಬೇಕಾದ ಸ್ವರ ಯಾವುದೆಂದು ಅವರಿಗೆ ಚೆನ್ನಾಗಿ ತಿಳಿದಿತ್ತು. ಆದರೂ ಪ್ರತ್ಯಯಗಳ ಸರ ಉದ್ದವಾದಂತೆ ನಾಲಗೆ ಹಳೆಯ ಜಾಡಿಗೆ ಜಾರುತ್ತಿತ್ತು.

ಮುಂದಿನ ರಜೆಗೆ ಬಂದಾಗ ಅವರಿಗೆ ಬೆಳಕು, ಕತ್ತಲೆ ಮಾತ್ರ ಕಾಣುತ್ತಿತ್ತು. ಹಸ್ತಪ್ರತಿ ನಾನು ಬಿಟ್ಟಲ್ಲೇ ಇತ್ತು. ಶುರುಮಾಡೋಣವೇ ಎಂದೆ. ಹೂಂ ಎಂದು ತಲೆಯಾಡಿಸಿದರು.

“ಎವ್,” ಎಂದೆ.

“ಎವ್‌ಲೆರ್… ಎವ್‌ಲೆರಿಮಿಜ಼್…” ಮೇಷ್ಟ್ರು ಉಸಿರು ಎಳೆದುಕೊಂಡರು. “ದನ್.”

ಹೇಳಿದ ಕೂಡಲೇ ಅವರಿಗೇ ಕೇಳಿಸಿತು. ನಾನೇನೂ ಹೇಳುವ ಮೊದಲೇ ಕೈ ಎತ್ತಿದರು.

“ಕಿವಿ ಕಲೀತು. ನಾಲಗೆ ಕಲೀಲಿಲ್ಲ. ನೀನಿಲ್ದಾಗ ಇನ್ಯಾರೋ ಬರ್ಕೋತಾರೆ, ನಾನು ಹೇಳಿದ್ದೇ ಅಚ್ಚಾಗುತ್ತೆ. ಬೇಡ ಕಣೋ. ಕಟ್ಟಿಟ್ಟುಬಿಡು.”

ವಾದಿಸಿದೆನೆಂದು ನೆನಪು. ವಾದಿಸಿರಲಿಕ್ಕಿಲ್ಲ. ಹಾಳೆಗಳನ್ನು ಪಂಚೆಯ ತುಂಡಿನಲ್ಲಿ ಕಟ್ಟಿ ಅಟ್ಟದ ಮೇಲಿಟ್ಟದ್ದಂತೂ ನಿಜ. ಇಳಿದು ಬಂದಾಗ ಅವರು ದಾರದ ಗಂಟು ಬಿಚ್ಚುತ್ತಿದ್ದರು. ಚೂರುಗಳು ಒಂದೊಂದಾಗಿ ಮಡಿಲಿಗೆ ಬೀಳುತ್ತಿದ್ದವು.